ಒಂದು ಸ್ಯಾಲರಿ ಸ್ಲಿಪ್, ಎರಡು ಲೆಕ್ಕ: ಹಳೇ ರಿಜೀಮ್ ಯಾರಿಗೆ, ಹೊಸದು ಯಾರಿಗೆ?

(ಸಂಬಳದಾರರಿಗಾಗಿ ಮಾಡಿದ ಒಂದು ಉಪನ್ಯಾಸದ ಬರಹ ರೂಪ. ಆವತ್ತು ಬೋರ್ಡ್ ಮೇಲೆ ಬರೆದ ಲೆಕ್ಕಗಳನ್ನ ಮಾತಿನ ಮಧ್ಯೆನೇ ಸೇರಿಸಿದೀನಿ. ಎಲ್ಲಾ ಅಂಕಿಗಳೂ 2025-26ರ ಹಣಕಾಸು ವರ್ಷದ್ದು.)

ಎಲ್ಲರಿಗೂ ನಮಸ್ಕಾರ. ಏಪ್ರಿಲ್ ಬಂತು ಅಂದ್ರೆ ಎಚ್‌ಆರ್ ಕಡೆಯಿಂದ ಒಂದು ಮೇಲ್ ಬರುತ್ತೆ, ಇನ್‌ಕಮ್ ಟ್ಯಾಕ್ಸ್ ಲೆಕ್ಕಕ್ಕೆ ಓಲ್ಡ್ ರಿಜೀಮಾ ನ್ಯೂ ರಿಜೀಮಾ ಇಷ್ಟನೇ ತಾರೀಖಿನೊಳಗೆ ಹೇಳಿ ಅಂತ. ಹೆಚ್ಚಿನವರು ಏನ್ಮಾಡ್ತಾರೆ ಅಂದ್ರೆ ಪಕ್ಕದ ಸೀಟಿನವರನ್ನ ಕೇಳ್ತಾರೆ, "ನೀವು ಯಾವುದು ಹಾಕಿದ್ರಿ?" ಅವರು ಏನು ಹಾಕಿದ್ರೋ ಇವರೂ ಅದನ್ನೇ ಹಾಕ್ತಾರೆ. ಆದ್ರೆ ಅವರ ಬಾಡಿಗೆ ಬೇರೆ, ಬೇಸಿಕ್ ಬೇರೆ, ಅವರಿಗೆ ಹೋಮ್ ಲೋನ್ ಇರಬಹುದು ನಿಮಗೆ ಇಲ್ಲದೇ ಇರಬಹುದು, ಹಾಗಾಗಿ ಅವರಿಗೆ ಲಾಭ ಆಗಿದ್ದು ನಿಮಗೆ ನಷ್ಟ ಆಗೋದು ತುಂಬಾ ಸುಲಭ. ಇವತ್ತು ನಾನು ಥಿಯರಿ ಹೇಳಲ್ಲ, ಒಂದೇ ಒಂದು ಸ್ಲಿಪ್ ತಗೊಂಡು ಎರಡೂ ಕಡೆ ಲೆಕ್ಕ ಹಾಕಿ ತೋರಿಸ್ತೀನಿ.

ಈ ಸ್ಲಿಪ್ ಬೆಂಗಳೂರಿನ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡೋರದ್ದು, ಹೆಸರು ತೆಗೆದು, ಚಿಲ್ಲರೆ ಬಿಟ್ಟು ರೌಂಡ್ ಮಾಡಿದೀನಿ. ಎಡಗಡೆ ಗಳಿಕೆ: ಬೇಸಿಕ್ 62,500, ಎಚ್‌ಆರ್‌ಎ 25,000, ಸ್ಪೆಷಲ್ ಅಲೋವೆನ್ಸ್ 32,500, ಎಲ್‌ಟಿಎ 5,000. ಒಟ್ಟು ತಿಂಗಳಿಗೆ 1,25,000. ಬಲಗಡೆ ಕಡಿತ: ಪಿಎಫ್ 7,500, ಪ್ರೊಫೆಷನಲ್ ಟ್ಯಾಕ್ಸ್ 200, ಆಮೇಲೆ ಟಿಡಿಎಸ್. ಸ್ಲಿಪ್‌ನಲ್ಲಿ ಕಾಣದೇ ಇರೋ ಒಂದು ವಿಷಯ ಇದೆ, ಅದು ಬಾಡಿಗೆ. ಇವರು ತಿಂಗಳಿಗೆ 24,000 ಕೊಡ್ತಾರೆ.

ಮೊದಲು ಒಂದು ಮಾತು. ಆಫರ್ ಲೆಟರ್‌ನಲ್ಲಿರೋ ಸಿಟಿಸಿ ತಗೊಂಡು ಟ್ಯಾಕ್ಸ್ ಲೆಕ್ಕ ಹಾಕಬೇಡಿ. ಸಿಟಿಸಿಯಲ್ಲಿ ಕಂಪನಿ ಕಡೆಯ ಪಿಎಫ್, ಗ್ರಾಚ್ಯುಟಿ, ಗ್ರೂಪ್ ಇನ್ಶೂರೆನ್ಸ್ ಎಲ್ಲಾ ಸೇರಿರುತ್ತೆ, ಅವು ನಿಮ್ಮ ತಿಂಗಳ ಗ್ರಾಸ್‌ನಲ್ಲಿ ಬರಲ್ಲ. ನಮ್ಮ ಲೆಕ್ಕಕ್ಕೆ ಬೇಕಾಗಿರೋದು ಸ್ಲಿಪ್‌ನ ಎಡಗಡೆ ಕಾಲಮ್ಮಿನ ಮೊತ್ತ, ಅಂದ್ರೆ 1,25,000 ಗುಣಿಸು 12, 15,00,000.

ಹೊಸ ರಿಜೀಮ್ ಲೆಕ್ಕ ಬೇಗ ಮುಗಿಯುತ್ತೆ. 15 ಲಕ್ಷದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೀರಿ, ಅದಕ್ಕೆ ಯಾವ ಬಿಲ್ಲೂ ಬೇಡ. ಉಳಿದಿದ್ದು 14,25,000. ಮೊದಲ 4 ಲಕ್ಷಕ್ಕೆ ಟ್ಯಾಕ್ಸ್ ಇಲ್ಲ. 4ರಿಂದ 8ರವರೆಗೆ 5 ಪರ್ಸೆಂಟ್, 20,000. 8ರಿಂದ 12ರವರೆಗೆ 10 ಪರ್ಸೆಂಟ್, 40,000. 12ರ ಮೇಲೆ ಉಳಿದ 2,25,000ಕ್ಕೆ 15 ಪರ್ಸೆಂಟ್, 33,750. ಒಟ್ಟು 93,750, ಅದರ ಮೇಲೆ 4 ಪರ್ಸೆಂಟ್ ಸೆಸ್ 3,750, ಕೊನೆಗೆ 97,500. ಅಷ್ಟೇ. ಬಾಡಿಗೆ ರಸೀದಿ, ಎಲ್‌ಐಸಿ ರಸೀದಿ, ಮಕ್ಕಳ ಸ್ಕೂಲ್ ಫೀಸು ಯಾವುದನ್ನೂ ಕೇಳಲ್ಲ, ಕೊಟ್ಟರೂ ತಗೊಳಲ್ಲ. ಪಿಎಫ್ ಕಟ್ ಆಗ್ತಾನೇ ಇರುತ್ತೆ, ಅದು ನಿಮ್ಮ ಉಳಿತಾಯ, ಆದ್ರೆ ಹೊಸದರಲ್ಲಿ ಅದರಿಂದ ಟ್ಯಾಕ್ಸ್ ಒಂದು ರೂಪಾಯಿನೂ ಕಮ್ಮಿ ಆಗಲ್ಲ, ಇದನ್ನ ತುಂಬಾ ಜನ ಗಮನಿಸಿರಲ್ಲ.

ಈಗ ಹಳೇದು. ಇದರಲ್ಲಿ ಸ್ಲಿಪ್‌ನ ಒಂದೊಂದೇ ಸಾಲು ಹಿಡ್ಕೊಂಡು ಹೋಗಬೇಕು, ಅದರಲ್ಲೂ ಎಚ್‌ಆರ್‌ಎ ಹತ್ರ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಲೆಕ್ಕ ತಪ್ಪೋದು ಹೆಚ್ಚಾಗಿ ಇಲ್ಲೇ. ಸ್ಲಿಪ್‌ನಲ್ಲಿ ಎಚ್‌ಆರ್‌ಎ 25,000 ಇದೆ, ವರ್ಷಕ್ಕೆ 3 ಲಕ್ಷ, ಬಾಡಿಗೆ ಕೊಡ್ತಿದೀನಲ್ಲ ಹಾಗಾದ್ರೆ 3 ಲಕ್ಷ ಪೂರ್ತಿ ಮಾಫಿ ಅಂತ ಅಂದ್ಕೊಳ್ತಾರೆ. ಹಾಗಲ್ಲ. ಮೂರು ಮೊತ್ತ ಬರೀಬೇಕು, ಅದರಲ್ಲಿ ಯಾವುದು ಕಮ್ಮಿನೋ ಅಷ್ಟೇ ಮಾಫಿ. ಒಂದು, ಕೈಗೆ ಬಂದ ಎಚ್‌ಆರ್‌ಎ, 3,00,000. ಎರಡು, ಬೇಸಿಕ್‌ನ 40 ಪರ್ಸೆಂಟ್, 7,50,000ದ 40 ಪರ್ಸೆಂಟ್ ಅಂದ್ರೆ ಅದೂ 3,00,000. ಮೂರು, ಕೊಟ್ಟ ಬಾಡಿಗೆಯಲ್ಲಿ ಬೇಸಿಕ್‌ನ 10 ಪರ್ಸೆಂಟ್ ಕಳೆದಿದ್ದು. ಬಾಡಿಗೆ ವರ್ಷಕ್ಕೆ 2,88,000, ಅದರಲ್ಲಿ 75,000 ಹೋದ್ರೆ 2,13,000. ಮೂರರಲ್ಲಿ ಇದೇ ಕಮ್ಮಿ, ಹಾಗಾಗಿ ಮಾಫಿ ಸಿಗೋದು 2,13,000, ಉಳಿದ 87,000 ಟ್ಯಾಕ್ಸ್‌ಗೆ ಬರುತ್ತೆ.

ಇಲ್ಲಿ ಒಬ್ಬರು ಎದ್ದು ಕೇಳಿದ್ರು, "ಸಾರ್, ಬೆಂಗಳೂರು ಮೆಟ್ರೋ ಸಿಟಿ ಅಲ್ವಾ, 50 ಪರ್ಸೆಂಟ್ ಯಾಕೆ ಹಾಕಿಲ್ಲ?" ನಮ್ಮ ಮೆಟ್ರೋ ರೈಲಿಗೂ ಇದಕ್ಕೂ ಸಂಬಂಧ ಇಲ್ಲ. 2025-26ಕ್ಕೆ ಅನ್ವಯಿಸೋ ನಿಯಮದಲ್ಲಿ 50 ಪರ್ಸೆಂಟ್ ಇರೋದು ದೆಹಲಿ, ಮುಂಬೈ, ಕೋಲ್ಕತ್ತಾ, ಚೆನ್ನೈ ಈ ನಾಲ್ಕಕ್ಕೆ ಮಾತ್ರ, ಬೆಂಗಳೂರಿಗೆ 40. ಇನ್ನೊಂದು ಏನಂದ್ರೆ ಈ ಸ್ಲಿಪ್‌ನಲ್ಲಿ 50 ಹಾಕಿದ್ರೂ ಏನೂ ಬದಲಾಗ್ತಿರಲಿಲ್ಲ, ಯಾಕಂದ್ರೆ ಇಲ್ಲಿ ಕೈ ಹಿಡೀತಿರೋದು ಮೂರನೇ ಸಾಲು, ಅಂದ್ರೆ ಬಾಡಿಗೆ. ನಿಮ್ಮ ಸ್ಲಿಪ್‌ನಲ್ಲಿ ಯಾವ ಸಾಲು ಕಮ್ಮಿ ಬರ್ತಿದೆ ಅಂತ ಒಮ್ಮೆ ನೋಡ್ಕೊಳ್ಳಿ. ಬಾಡಿಗೆ ಸಾಲು ಕಮ್ಮಿ ಇದ್ರೆ ಬಾಡಿಗೆ ಜಾಸ್ತಿ ಆದಾಗ ಮಾಫಿನೂ ಜಾಸ್ತಿ ಆಗುತ್ತೆ, ಉಳಿದೆರಡು ಸಾಲಿನಲ್ಲಿ ಯಾವುದಾದರೂ ಕಮ್ಮಿ ಇದ್ರೆ ಓನರ್ ಎಷ್ಟೇ ಬಾಡಿಗೆ ಏರಿಸಿದ್ರೂ ಟ್ಯಾಕ್ಸ್‌ನಲ್ಲಿ ವ್ಯತ್ಯಾಸ ಬರಲ್ಲ.

ಮುಂದೆ ಎಲ್‌ಟಿಎ. ವರ್ಷಕ್ಕೆ 60,000 ಬರ್ತಿದೆ, ಆದ್ರೆ ಪ್ರಯಾಣ ಮಾಡಿ ಟಿಕೆಟ್ ತೋರಿಸಿದಷ್ಟು ಮಾತ್ರ ಮಾಫಿ, ಅದೂ ದೇಶದೊಳಗಿನ ಪ್ರಯಾಣ, ಅದೂ ಓಡಾಟದ ಖರ್ಚು ಮಾತ್ರ, ಹೋಟೆಲು ಊಟ ಎಲ್ಲಾ ಇಲ್ಲ, ನಾಲ್ಕು ವರ್ಷದ ಬ್ಲಾಕ್‌ನಲ್ಲಿ ಎರಡು ಸಲ. ಇವರ ಹತ್ರ 20,000ದ ಟಿಕೆಟ್ ಇತ್ತು, ಅಷ್ಟು ಹಿಡಿಯೋಣ. ಸ್ಪೆಷಲ್ ಅಲೋವೆನ್ಸ್ ಹೆಸರು ಮಾತ್ರ ಸ್ಪೆಷಲ್, ಎರಡೂ ರಿಜೀಮ್‌ನಲ್ಲಿ ಪೂರ್ತಿ ಟ್ಯಾಕ್ಸ್ ಬೀಳುತ್ತೆ.

ಆಮೇಲೆ ಸ್ಟ್ಯಾಂಡರ್ಡ್ ಡಿಡಕ್ಷನ್, ಹಳೇದರಲ್ಲಿ 50,000 ಮಾತ್ರ, 75,000 ಅಲ್ಲ. ಪ್ರೊಫೆಷನಲ್ ಟ್ಯಾಕ್ಸ್ 2,500, ತಿಂಗಳಿಗೆ 200 ಆದ್ರೂ ಕರ್ನಾಟಕದಲ್ಲಿ ಈಗ ಫೆಬ್ರವರಿಯಲ್ಲಿ 300 ಹಿಡೀತಾರೆ, ಅದಕ್ಕೇ 2,400 ಅಲ್ಲ 2,500. 80ಸಿ ಕೆಳಗೆ ಪಿಎಫ್ 90,000 ಸ್ಲಿಪ್‌ನಲ್ಲೇ ಇದೆ, ಇನ್ನು 60,000 ಎಲ್‌ಐಸಿ ಮತ್ತು ಪಿಪಿಎಫ್ ಸೇರಿ, 1,50,000ದ ಮಿತಿ ಮುಟ್ಟಿತು. 80ಡಿ ಕೆಳಗೆ ಕುಟುಂಬದ ಹೆಲ್ತ್ ಇನ್ಶೂರೆನ್ಸ್ 25,000. ಇದು ಅವರೇ ಕೈಯಿಂದ ಕಟ್ಟಿದ ಪಾಲಿಸಿ, ಕಂಪನಿ ತನ್ನ ದುಡ್ಡಲ್ಲಿ ಕೊಡೋ ಗ್ರೂಪ್ ಪಾಲಿಸಿಯನ್ನ ಇಲ್ಲಿ ತೋರಿಸೋ ಹಾಗಿಲ್ಲ.

ಕೂಡಿಸಿದ್ರೆ 2,13,000, 20,000, 50,000, 2,500, 1,50,000, 25,000, ಒಟ್ಟು 4,60,500. 15 ಲಕ್ಷದಲ್ಲಿ ಅಷ್ಟು ಹೋದ್ರೆ 10,39,500. ಇದಕ್ಕೆ ಹಳೇ ಸ್ಲ್ಯಾಬ್: 2.5 ಲಕ್ಷದವರೆಗೆ ಇಲ್ಲ, 5 ಲಕ್ಷದವರೆಗೆ 5 ಪರ್ಸೆಂಟ್ 12,500, 10 ಲಕ್ಷದವರೆಗೆ 20 ಪರ್ಸೆಂಟ್ 1,00,000, ಮೇಲಿನ 39,500ಕ್ಕೆ 30 ಪರ್ಸೆಂಟ್ 11,850. ಒಟ್ಟು 1,24,350, ಸೆಸ್ ಸೇರಿ 1,29,324.

ನೋಡಿ, ಬಾಡಿಗೆ ರಸೀದಿ, ಟಿಕೆಟ್, ಎಲ್‌ಐಸಿ, ಹೆಲ್ತ್ ಪಾಲಿಸಿ ಇಷ್ಟೆಲ್ಲಾ ತೋರಿಸಿ ಆದ್ಮೇಲೂ ಹಳೇದರಲ್ಲಿ 31,824 ಜಾಸ್ತಿ. ಹಾಲ್‌ನಲ್ಲಿ ಇದನ್ನ ಬರೆದಾಗ ತುಂಬಾ ಜನ ತಮ್ಮ ಫೋನ್ ತೆಗೆದು ಸ್ಲಿಪ್ ನೋಡೋಕೆ ಶುರು ಮಾಡಿದ್ರು. ಆದ್ರೆ ಇದರಿಂದ ಹೊಸದೇ ಯಾವಾಗ್ಲೂ ಒಳ್ಳೇದು ಅಂತ ತೀರ್ಮಾನಕ್ಕೆ ಬರಬೇಡಿ. ನಿಮಗೆ ಬೇಕಾಗಿರೋದು ಒಂದೇ ಸಂಖ್ಯೆ, ನಿಮ್ಮ ಗ್ರಾಸ್‌ಗೆ ಎಷ್ಟು ಡಿಡಕ್ಷನ್ ಇದ್ರೆ ಎರಡೂ ಟ್ಯಾಕ್ಸ್ ಸಮ ಆಗುತ್ತೆ ಅನ್ನೋದು.

ಇದನ್ನ ಹಿಂದಿನಿಂದ ಮುಂದಕ್ಕೆ ಕಂಡು ಹಿಡೀಬಹುದು. ಹೊಸದರಲ್ಲಿ ಸೆಸ್ ಬಿಟ್ಟು 93,750 ಬಂತಲ್ಲ, ಹಳೇದರಲ್ಲೂ ಅಷ್ಟೇ ಬರಬೇಕು ಅಂದ್ರೆ ಟ್ಯಾಕ್ಸ್ ಬೀಳೋ ಆದಾಯ ಎಷ್ಟಿರಬೇಕು? 5 ಲಕ್ಷದವರೆಗೆ 12,500 ಆಗೋಯ್ತು, ಉಳಿದ 81,250 ಬರಬೇಕಾಗಿರೋದು 20 ಪರ್ಸೆಂಟ್ ಸ್ಲ್ಯಾಬ್‌ನಿಂದ, ಅಂದ್ರೆ 4,06,250 ರೂಪಾಯಿ ಮೇಲೆ. ಹಾಗಾಗಿ ಆದಾಯ 9,06,250ಕ್ಕೆ ಇಳೀಬೇಕು, 15 ಲಕ್ಷದಿಂದ ಅಲ್ಲಿಗೆ ಇಳಿಯೋಕೆ 5,93,750 ಡಿಡಕ್ಷನ್ ಬೇಕು, ಹಳೇ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ ಸೇರಿಸಿನೇ. ಇವರ ಹತ್ರ ಇರೋದು 4,60,500. ಇನ್ನೂ 1,33,250 ಕಮ್ಮಿ. ಎನ್‌ಪಿಎಸ್‌ಗೆ ಸ್ವಂತ 50,000 ಹಾಕಿ, ಹಿರಿಯ ನಾಗರಿಕರಾದ ಅಪ್ಪ ಅಮ್ಮನ ಹೆಲ್ತ್ ಪಾಲಿಸಿಗೆ 50,000 ಕಟ್ಟಿದ್ರೂ 33,250 ಕಮ್ಮಿನೇ ಉಳಿಯುತ್ತೆ. ಅದಕ್ಕೇ ಮಾರ್ಚ್‌ನಲ್ಲಿ ಯಾರಾದ್ರೂ ಬಂದು "ಟ್ಯಾಕ್ಸ್ ಉಳಿಸೋಕೆ ಈ ಪಾಲಿಸಿ ಮಾಡಿಸಿ" ಅಂದ್ರೆ ಮೊದಲು ಈ ಅಂತರ ನೋಡಿ, ಪಾಲಿಸಿ ಮಾಡಿಸಿದ ಮೇಲೂ ಅಂತರ ಮುಚ್ಚಲ್ಲ ಅಂದ್ರೆ ಟ್ಯಾಕ್ಸ್ ಲೆಕ್ಕದಲ್ಲಿ ಆ ಪಾಲಿಸಿಯಿಂದ ನಿಮಗೆ ಸಿಗೋದು ಸೊನ್ನೆ.

ಈ ಸಂಖ್ಯೆ ಎಲ್ಲರಿಗೂ ಒಂದೇ ಅಲ್ಲ. ಗ್ರಾಸ್ 12,75,000 ಇದ್ರೆ ಸ್ಟ್ಯಾಂಡರ್ಡ್ ಡಿಡಕ್ಷನ್ ಹೋಗಿ 12 ಲಕ್ಷ ಉಳಿಯುತ್ತೆ, ಅಲ್ಲಿವರೆಗೆ ಸ್ಲ್ಯಾಬ್ ಪ್ರಕಾರ ಬರೋ ಟ್ಯಾಕ್ಸ್ ಪೂರ್ತಿ ಬಿಟ್ಟುಬಿಡೋ ರಿಬೇಟ್‌ನಿಂದ ಹೊಸದರಲ್ಲಿ ಟ್ಯಾಕ್ಸ್ ಸೊನ್ನೆ, ಹಳೇದರಲ್ಲೂ ರಿಬೇಟ್‌ನಿಂದ ಸೊನ್ನೆ ಮಾಡಬೇಕಂದ್ರೆ 7,75,000 ಡಿಡಕ್ಷನ್ ತೋರಿಸಿ 5 ಲಕ್ಷಕ್ಕೆ ಇಳೀಬೇಕು, ಅದು ಹೆಚ್ಚಿನವರಿಗೆ ಆಗದ ಮಾತು. ಗ್ರಾಸ್ 24,75,000 ದಾಟಿದ ಮೇಲೆ ಎರಡೂ ಕಡೆ ಮೇಲಿನ ದರ 30 ಪರ್ಸೆಂಟೇ ಆಗೋದ್ರಿಂದ ಸಮ ಆಗೋ ಸಂಖ್ಯೆ 8,50,000ದಲ್ಲಿ ನಿಂತುಬಿಡುತ್ತೆ. 15 ಲಕ್ಷದ ಆಸುಪಾಸಿನವರಿಗೆ ಇದು 6 ಲಕ್ಷದ ಹತ್ತಿರ ಇರೋದ್ರಿಂದಲೇ ಇಲ್ಲಿ ಲೆಕ್ಕ ಹಾಕದೇ ಹೇಳೋದು ಕಷ್ಟ, ಒಂದು ಹೋಮ್ ಲೋನ್ ಇದ್ರೆ ಸಾಕು, ಉತ್ತರ ತಿರುಗಿಬಿಡುತ್ತೆ.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಮೇಡಂ ಅದನ್ನೇ ಕೇಳಿದ್ರು: "ನಂದೂ ಹೆಚ್ಚು ಕಮ್ಮಿ ಇದೇ ಸಂಬಳ, ಬೆಂಗಳೂರಲ್ಲಿ ಬಾಡಿಗೆ ಮನೆ, ಹಾಸನದಲ್ಲಿ ನನ್ನ ಹೆಸರಲ್ಲೇ ಲೋನ್ ತಗೊಂಡು ಮನೆ ಕಟ್ಟಿಸಿದೀನಿ, ಅಪ್ಪ ಅಮ್ಮ ಇದ್ದಾರೆ, ವರ್ಷಕ್ಕೆ 1,80,000 ಬಡ್ಡಿ ಹೋಗ್ತಿದೆ. ಎಚ್‌ಆರ್‌ಎನೂ ತಗೊಂಡು ಬಡ್ಡಿನೂ ತೋರಿಸಬಹುದಾ?" ತೋರಿಸಬಹುದು ಮೇಡಂ. ಮನೆ ನಿಮ್ಮದು, ಲೋನ್ ನಿಮ್ಮದು, ಅದನ್ನ ಬಾಡಿಗೆಗೆ ಕೊಟ್ಟಿಲ್ಲ, ಕೆಲಸಕ್ಕಾಗಿ ನೀವು ಇಲ್ಲಿ ನಿಜವಾಗ್ಲೂ ಬಾಡಿಗೆ ಕೊಟ್ಟು ಇದ್ದೀರಿ. ಸ್ವಂತ ವಾಸದ ಮನೆ ಅಂತ 2 ಲಕ್ಷದವರೆಗಿನ ಬಡ್ಡಿ ಹಳೇ ರಿಜೀಮ್‌ನಲ್ಲಿ ಕಳೀಬಹುದು, ಹೊಸದರಲ್ಲಿ ಈ ಥರ ಮನೆ ಬಡ್ಡಿಗೆ ಜಾಗ ಇಲ್ಲ. ಮೇಲಿನ 4,60,500ಕ್ಕೆ 1,80,000 ಸೇರಿಸಿ, 6,40,500. ಸಮದ ಸಂಖ್ಯೆ 5,93,750 ದಾಟಿತು. ಆದಾಯ 8,59,500ಕ್ಕೆ ಇಳಿಯುತ್ತೆ, ಟ್ಯಾಕ್ಸ್ 84,400, ಸೆಸ್ ಸೇರಿ 87,776. ಹೊಸದರ 97,500ಕ್ಕಿಂತ 9,724 ಕಮ್ಮಿ, ಹಾಗಾಗಿ ಇವರಿಗೆ ಹಳೇದು. ಆದ್ರೆ ಲೋನ್ ಹಳೇದಾಗ್ತಾ ಇಎಂಐನಲ್ಲಿ ಬಡ್ಡಿ ಭಾಗ ಕಮ್ಮಿ ಆಗ್ತಾ ಹೋಗುತ್ತೆ, ಬಡ್ಡಿ 1,33,250ಕ್ಕಿಂತ ಕೆಳಗಿಳಿದ ವರ್ಷ ಹೊಸದೇ ಲಾಭ, ಅದಕ್ಕೆ ಪ್ರತಿ ಏಪ್ರಿಲ್‌ನಲ್ಲಿ ಬ್ಯಾಂಕಿನಿಂದ ಆ ವರ್ಷದ ಬಡ್ಡಿ ಸರ್ಟಿಫಿಕೇಟ್ ತಗೊಂಡು ನೋಡಿ. ಅಸಲಿನ ಭಾಗ 80ಸಿಗೆ ಹೋಗುತ್ತೆ, ಅಲ್ಲಿ ಮಿತಿ ಆಗಲೇ ತುಂಬಿದೆ, ಹಾಗಾಗಿ ಅದರಿಂದ ಹೊಸದಾಗಿ ಏನೂ ಸಿಗಲ್ಲ.

ಹೊಸ ರಿಜೀಮ್‌ನಲ್ಲಿ ಇರೋರಿಗೆ ಏನೂ ದಾರಿ ಇಲ್ವಾ ಅಂದ್ರೆ ಒಂದು ಇದೆ, ನನಗೆ ಅದು ಎಲ್ಲಕ್ಕಿಂತ ಮುಖ್ಯ ಅನ್ಸುತ್ತೆ, ಯಾಕಂದ್ರೆ ಎಷ್ಟೋ ಕಂಪನಿಗಳಲ್ಲಿ ಈ ಆಯ್ಕೆ ಇದ್ದೂ ಯಾರೂ ಕೇಳಲ್ಲ. ಕಂಪನಿ ನಿಮ್ಮ ಪರವಾಗಿ ಎನ್‌ಪಿಎಸ್‌ಗೆ ಹಾಕೋ ದುಡ್ಡು. ಹೊಸದರಲ್ಲಿ ಬೇಸಿಕ್‌ನ 14 ಪರ್ಸೆಂಟ್‌ವರೆಗೆ ಇದನ್ನ ಕಳೀಬಹುದು, ಹಳೇದರಲ್ಲಿ ಖಾಸಗಿ ಕಂಪನಿಯವರಿಗೆ 10 ಪರ್ಸೆಂಟ್. ಸ್ಪೆಷಲ್ ಅಲೋವೆನ್ಸ್‌ನಿಂದ ತಿಂಗಳಿಗೆ 8,750 ತೆಗೆದು ಎನ್‌ಪಿಎಸ್‌ಗೆ ಹಾಕಿ ಅಂತ ಎಚ್‌ಆರ್‌ಗೆ ಹೇಳಿದ್ರೆ ವರ್ಷಕ್ಕೆ 1,05,000, ಟ್ಯಾಕ್ಸ್ ಬೀಳೋ ಆದಾಯ 14,25,000ದಿಂದ 13,20,000 ಆಗುತ್ತೆ, ಟ್ಯಾಕ್ಸ್ ಸೆಸ್ ಸೇರಿ 81,120, ಅಂದ್ರೆ 16,380 ಉಳೀತು. ನೀವೇ ಬ್ಯಾಂಕಿನಿಂದ ಎನ್‌ಪಿಎಸ್‌ಗೆ ಕಟ್ಟಿದ್ರೆ ಹೊಸದರಲ್ಲಿ ಇದು ಸಿಗಲ್ಲ, ಕಂಪನಿ ಮೂಲಕವೇ ಹೋಗಬೇಕು. ಒಂದು ಎಚ್ಚರ: ಆ ದುಡ್ಡು ನಿವೃತ್ತಿಗೆ ಅಂತ ಕಟ್ಟಿಟ್ಟ ದುಡ್ಡು, ಮಧ್ಯದಲ್ಲಿ ಬೇಕು ಅಂದಾಗ ಪೂರ್ತಿ ತೆಗೆಯೋಕಾಗಲ್ಲ. ಮುಂದಿನ ವರ್ಷ ಮಗಳ ಮದುವೆ, ಸೈಟು ಅಂತ ಇರೋರು ತಿಂಗಳಿಗೆ 8,750 ಕೈ ತಪ್ಪಿದ್ರೆ ನಡೆಯುತ್ತಾ ಅಂತ ಯೋಚನೆ ಮಾಡಿ ಹೇಳಿ.

ಈಗ ಸ್ಲಿಪ್‌ನ ಬಲಗಡೆ ಟಿಡಿಎಸ್ ಸಾಲಿಗೆ ಬರೋಣ, ಕಂಪನಿ ನಿಮ್ಮನ್ನ ಯಾವ ರಿಜೀಮ್‌ನಲ್ಲಿ ಇಟ್ಟಿದೆ ಅಂತ ಅದು ಹೇಳಿಬಿಡುತ್ತೆ. ಈ ಸ್ಲಿಪ್‌ನಲ್ಲಿ ಟಿಡಿಎಸ್ 8,125ರ ಆಸುಪಾಸು ಇದ್ರೆ ಹೊಸದು, 10,777ರ ಆಸುಪಾಸು ಇದ್ರೆ ಹಳೇದು. ನೀವು ಏನೂ ಹೇಳದೇ ಸುಮ್ನಿದ್ರೆ ಕಂಪನಿ ಹೊಸದನ್ನೇ ಹಿಡಿಯುತ್ತೆ, 2023-24ರಿಂದ ಅದೇ ಡೀಫಾಲ್ಟ್.

ಹಳೇದು ಆರಿಸ್ಕೊಂಡವರಿಗೆ ತೊಂದರೆ ಬರೋದು ಜನವರಿಯಲ್ಲಿ. ಏಪ್ರಿಲ್‌ನಲ್ಲಿ ಬಾಡಿಗೆ ಇಷ್ಟು ಅಂತ ಬರೀ ಡಿಕ್ಲೇರ್ ಮಾಡಿರ್ತೀರಿ, ಜನವರಿಯಲ್ಲಿ ಫಾರ್ಮ್ 12ಬಿಬಿ ಜೊತೆ ಪುರಾವೆ ಕೇಳ್ತಾರೆ, ವರ್ಷದ ಬಾಡಿಗೆ 1 ಲಕ್ಷ ದಾಟಿದ್ರೆ ಓನರ್ ಪ್ಯಾನ್ ಬೇಕು, ಓನರ್ ಪ್ಯಾನ್ ಕೊಡಲ್ಲ ಅಂತಾರೆ. ಆಗ ಪೇರೋಲ್‌ನವರು 2,13,000ದ ಮಾಫಿ ತೆಗೆದುಹಾಕ್ತಾರೆ, ಅಷ್ಟೂ 30 ಪರ್ಸೆಂಟ್ ಸ್ಲ್ಯಾಬ್‌ಗೆ ಬಂದು ಸೆಸ್ ಸೇರಿ 66,456 ಹೆಚ್ಚುವರಿ ಟ್ಯಾಕ್ಸ್ ಆಗುತ್ತೆ, ಉಳಿದ ಮೂರು ತಿಂಗಳಲ್ಲಿ ಹಿಡೀಬೇಕಲ್ಲ, ತಿಂಗಳಿಗೆ 22,152 ಹೆಚ್ಚಿಗೆ ಕಟ್. ಸ್ಕೂಲ್ ಅಡ್ಮಿಷನ್ ಸಮಯದಲ್ಲೇ ಕೈಗೆ ಬರೋ ಸಂಬಳ ಹೀಗೆ ಇಳಿದು ಒದ್ದಾಡೋರನ್ನ ನಾನು ಪ್ರತಿ ವರ್ಷ ನೋಡ್ತೀನಿ.

ಹಾಗೆ ಆದ್ರೂ ದುಡ್ಡು ಹೋಗೇಬಿಡ್ತು ಅಂತಲ್ಲ. ಕಂಪನಿಗೆ ಹೇಳಿದ್ದು ಟಿಡಿಎಸ್‌ಗೆ ಮಾತ್ರ, ಸಂಬಳ ಬಿಟ್ಟು ವ್ಯಾಪಾರ ಅಥವಾ ವೃತ್ತಿಯ ಆದಾಯ ಇಲ್ಲದವರು ರಿಟರ್ನ್ ಹಾಕುವಾಗ ಮತ್ತೆ ಆರಿಸ್ಕೊಳ್ಳಬಹುದು. ಈ ಸ್ಲಿಪ್‌ನವರಿಗೆ ಹೀಗಾಗಿದ್ರೆ ಒಟ್ಟು ಕಟ್ ಆಗಿರೋದು 1,95,780, ರಿಟರ್ನ್‌ನಲ್ಲಿ ಹೊಸದು ಆರಿಸಿದ್ರೆ ಕಟ್ಟಬೇಕಾದ್ದು 97,500, ಉಳಿದ 98,280 ರಿಫಂಡ್ ಬರುತ್ತೆ. ಐಟಿಆರ್-1ರಲ್ಲಿ ಹೊಸ ರಿಜೀಮ್‌ನಿಂದ ಹೊರಗೆ ಹೋಗ್ತೀರಾ ಅಂತ ಒಂದು ಪ್ರಶ್ನೆ ಇರುತ್ತೆ, ಹಳೇದು ಬೇಕಿದ್ರೆ ಅಲ್ಲಿ ಹೌದು ಅನ್ನಬೇಕು, ಹೊಸದಕ್ಕೆ ಇಲ್ಲ ಅನ್ನಬೇಕು, ಪ್ರಶ್ನೆ ಉಲ್ಟಾ ಇರೋದ್ರಿಂದ ಅವಸರದಲ್ಲಿ ತಪ್ಪು ಒತ್ತೋರು ಇದ್ದಾರೆ. ಸಂಜೆ ಹೊತ್ತು ಫ್ರೀಲಾನ್ಸ್ ಕೆಲಸ ಮಾಡಿ ವೃತ್ತಿಯ ಆದಾಯ ತೋರಿಸೋರಿಗೆ ಮಾತ್ರ ಈ ಸಲೀಸು ಇಲ್ಲ, ಅವರು ಹಳೇದಕ್ಕೆ ಹೋಗಬೇಕಂದ್ರೆ ಫಾರ್ಮ್ 10-ಐಇಎ ಹಾಕಬೇಕು, ಒಮ್ಮೆ ಹಳೇದಕ್ಕೆ ಹೋಗಿ ಹೊಸದಕ್ಕೆ ವಾಪಸ್ ಬಂದ್ರೆ ಆ ಆದಾಯ ಇರೋತನಕ ಮತ್ತೆ ಹಳೇದಕ್ಕೆ ಹೋಗೋಕಾಗಲ್ಲ.

ಕೊನೆಗೆ ತಾರೀಖಿನ ವಿಷಯ. ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31 ಕೊನೇ ದಿನ. ಅದು ದಾಟಿ ತಡವಾಗಿ ರಿಟರ್ನ್ ಹಾಕಿದ್ರೆ ದಂಡದ ಜೊತೆ ಇನ್ನೊಂದು ಆಗುತ್ತೆ, ಹಳೇ ರಿಜೀಮ್ ಆರಿಸೋ ಹಕ್ಕೇ ಹೋಗುತ್ತೆ, ಹೊಸದರಲ್ಲೇ ಹಾಕಬೇಕು. ಹಾಸನದ ಮೇಡಂ ಹತ್ರ ಬಡ್ಡಿ ಸರ್ಟಿಫಿಕೇಟು, ಬಾಡಿಗೆ ರಸೀದಿ, ಓನರ್ ಪ್ಯಾನು ಎಲ್ಲಾ ಸರಿಯಾಗಿದ್ರೂ ಆಗಸ್ಟ್‌ನಲ್ಲಿ ಹಾಕಿದ್ರೆ 87,776 ಅಲ್ಲ, 97,500 ಕಟ್ಟಬೇಕಾಗುತ್ತೆ.